ಗಾರ್ಡ್‌ಗೆ ಏನೂ ಆಗ್ಲಿಲ್ಲ, ಡಿಸ್‌ಪ್ಲೇ ಮಾತ್ರ ಹೋಯ್ತು! ಯಾಕೆ?

ಪ್ರಶ್ನೆ: ಸರ್, ನಾನು ತುಮಕೂರು ಹತ್ರ ಬಿಲ್ಡಿಂಗ್ ಸೈಟಲ್ಲಿ ಸೂಪರ್‌ವೈಸರ್. ಹೋದ ತಿಂಗಳು ಫೋನ್ ಜೇಬಿಂದ ಜಾರಿ ಗ್ರಾನೈಟ್ ಮೆಟ್ಟಿಲ ಮೇಲೆ ಬಿತ್ತು. ಮೇಲಿದ್ದ ಟೆಂಪರ್ಡ್ ಗ್ಲಾಸ್‌ಗೆ ಒಂದು ಗೆರೆನೂ ಇಲ್ಲ, ಡಿಸ್‌ಪ್ಲೇ ಮಾತ್ರ ಒಡೆದು 6,500 ಕೈ ಬಿಡ್ತು. ಈಗ ಅಂಗಡಿಯವ್ನು "11ಡಿ, 9ಎಚ್ ಗ್ಲಾಸ್, 300 ರೂಪಾಯಿ, ಸುತ್ತಿಗೇಲಿ ಹೊಡೆದ್ರೂ ಏನಾಗಲ್ಲ" ಅಂತಾನೆ. ನಮ್ಮ ಭಾವ ಅದೆಲ್ಲ ವೇಸ್ಟು, 80 ರೂಪಾಯಿ ಪ್ಲಾಸ್ಟಿಕ್ ಹಾಕ್ಸು ಸಾಕು ಅಂತಾರೆ. ಯಾವ್ದು ಹಾಕ್ಸಲಿ?

ಉತ್ತರ: ನಿಮ್ಮ ಫೋನ್ ಬಹುಶಃ ಮೂಲೆ ಮೇಲೆ ಬಿದ್ದಿದೆ. ಹಳೇ ಡಿಸ್‌ಪ್ಲೇನ ಅಂಗಡಿಯಿಂದ ವಾಪಸ್ ಇಸ್ಕೊಂಡಿದ್ರೆ ಒಂದ್ಸಲ ಬೆಳಕಿಗೆ ಹಿಡಿದು ನೋಡಿ, ಬಿರುಕುಗಳೆಲ್ಲ ಒಂದು ಜಾಗದಿಂದ ಶುರುವಾಗಿ ಹರಡಿರುತ್ತವೆ. ಆ ಶುರುವಾದ ಜಾಗ ಅಂಚಲ್ಲೋ ಮೂಲೆಯಲ್ಲೋ ಇದ್ರೆ ಪೆಟ್ಟು ಬಿದ್ದಿದ್ದು ಫ್ರೇಮ್‌ಗೆ. ಫ್ರೇಮ್ ಒಂದು ಕ್ಷಣ ತಿರುಚಿಕೊಂಡು ಒಳಗಿನ ಗ್ಲಾಸನ್ನೂ ಜೊತೆಗೆ ಬಾಗಿಸಿರುತ್ತೆ. ಅದೇ ನಡುವೆ ಎಲ್ಲೋ ಸಣ್ಣ ಚುಕ್ಕಿ ಥರ ಪುಡಿಯಾಗಿ ಅಲ್ಲಿಂದ ಜೇಡರ ಬಲೆ ಥರ ಹರಡಿದ್ರೆ, ಯಾವುದೋ ಚೂಪಾದ ಕಲ್ಲು ನೇರವಾಗಿ ಚುಚ್ಚಿದೆ ಅಂತ ಅರ್ಥ. ಗಾರ್ಡ್‌ಗೆ ಏನೂ ಆಗಿಲ್ಲ ಅಂದ್ಮೇಲೆ ಎರಡನೇದು ಆಗಿರೋ ಚಾನ್ಸ್ ಕಮ್ಮಿ, ಯಾಕಂದ್ರೆ ಚುಚ್ಚೋ ಕಲ್ಲಿಗೆ ಮೊದಲು ಸಿಗೋದೇ ಗಾರ್ಡ್.

ಈಗ ಲೆಕ್ಕ ಹಾಕಿ ನೋಡಿ. ಗಾರ್ಡ್ ದಪ್ಪ ಸಾಮಾನ್ಯವಾಗಿ 0.33 ಮಿಲಿಮೀಟರ್, ಏಳು ಸೆಂಟಿಮೀಟರ್ ಅಗಲ ಹದಿನೈದು ಉದ್ದ ಅಂತ ಹಿಡಿದ್ರೆ ತೂಕ ಎಂಟು ಒಂಬತ್ತು ಗ್ರಾಂ ಬರುತ್ತೆ. ಫೋನ್ ಕವರ್ ಬಿಟ್ಟೇ ಇನ್ನೂರು ಗ್ರಾಂ ಹತ್ರ ಇರುತ್ತೆ. ಇನ್ನೂರು ಗ್ರಾಂ ಫೋನು ಪ್ಯಾಂಟ್ ಜೇಬಿನ ಎತ್ತರದಿಂದ ಮೂಲೆ ಮೇಲೆ ಬಿದ್ದಾಗ ಆ ಪೆಟ್ಟು ಗಾರ್ಡ್ ಕಡೆಗೆ ಹೋಗೋದೇ ಇಲ್ಲ, ಫ್ರೇಮಿಂದ ನೇರ ಡಿಸ್‌ಪ್ಲೇಗೆ ಹೋಗುತ್ತೆ, ಗಾರ್ಡ್ ಮೇಲೆ ಅಂಟಿಕೊಂಡು ಸುಮ್ಮನೆ ಕೂತಿರುತ್ತೆ ಅಷ್ಟೆ. ಅದಕ್ಕೇ ಮೂಲೆ ಪೆಟ್ಟಿಗೆ 300 ರೂಪಾಯಿ ಗಾರ್ಡೂ ಒಂದೇ 80 ರೂಪಾಯಿ ಪ್ಲಾಸ್ಟಿಕ್ಕೂ ಒಂದೇ. ಅಲ್ಲಿ ಕೆಲಸ ಮಾಡೋದು ಬ್ಯಾಕ್ ಕವರ್, ಅದೂ ನಾಲ್ಕು ಮೂಲೆ ದಪ್ಪ ಇರೋ ಮೆತ್ತನೆ ಕವರ್.

ಇದರ ಉಲ್ಟಾನೂ ಕೇಳಿರ್ತೀರ, "ನನ್ ಫೋನ್ ಬಿತ್ತು, ಗಾರ್ಡ್ ಪುಡಿಪುಡಿ ಆಯ್ತು, ಡಿಸ್‌ಪ್ಲೇ ಉಳೀತು, ಗಾರ್ಡ್ ಕಾಪಾಡ್ತು" ಅಂತ. ವಾರಕ್ಕೆ ಹತ್ತು ಜನ ನನ್ನ ಟೇಬಲ್ ಮುಂದೆ ಇದನ್ನೇ ಹೇಳ್ತಾರೆ. ಕೆಲವು ಸಲ ಅದು ನಿಜಾನೇ, ಆದ್ರೆ ಪ್ರತೀ ಸಲ ಅಲ್ಲ. ಗಾರ್ಡ್ ಗ್ಲಾಸು ಫೋನಿನ ಸ್ವಂತ ಗ್ಲಾಸಿಗಿಂತ ತೆಳು, ಕ್ವಾಲಿಟಿನೂ ಕಮ್ಮಿ, ಅದರ ಅಂಚು ಯಾವ ಫ್ರೇಮ್ ಒಳಗೂ ಕೂತಿರಲ್ಲ, ಹೊರಗೆ ಬಿಚ್ಚಿಕೊಂಡೇ ಇರುತ್ತೆ. ಹಾಗಾಗಿ ಡಿಸ್‌ಪ್ಲೇಗೆ ಏನೂ ಆಗದಂಥ ಸಣ್ಣ ಪೆಟ್ಟಿಗೂ ಗಾರ್ಡ್ ಸೀಳುತ್ತೆ. ಗಾರ್ಡ್ ಒಡೀತು ಅನ್ನೋದೊಂದರಿಂದಲೇ ಇಲ್ಲದಿದ್ರೆ ಡಿಸ್‌ಪ್ಲೇ ಹೋಗ್ತಿತ್ತು ಅಂತ ಹೇಳಕ್ಕಾಗಲ್ಲ.

ಹಾಗಾದ್ರೆ ನಿಮ್ಮ ಭಾವ ಹೇಳಿದ್ದೇ ಸರಿನಾ? ಇಲ್ಲ, ನಿಮ್ಮ ಕೆಲಸಕ್ಕಂತೂ ಅಲ್ಲ. ಯಾಕೆ ಅಂತ ಹೇಳ್ತೀನಿ, ಅದು ನಿಮ್ಮ ಸೈಟಲ್ಲೇ ದಿನಾ ನೋಡೋ ವಿಷಯ. ಟೈಲ್ಸ್ ಹಾಕೋರು ಟೈಲ್ ಕಟ್ ಮಾಡೋದು ಹೇಗೆ? ಕಟರ್ ಚಕ್ರದಿಂದ ಮೇಲೆ ಒಂದೇ ಒಂದು ಗೆರೆ ಎಳೀತಾರೆ, ಆಮೇಲೆ ಒತ್ತಿದ್ರೆ ಟಕ್ ಅಂತ ಆ ಗೆರೆ ಉದ್ದಕ್ಕೇ ಎರಡಾಗುತ್ತೆ. ಗೆರೆ ಇಲ್ಲದ ಟೈಲ್‌ನ ಹಾಗೆ ಒತ್ತಿ ಮುರಿಯೋಕೆ ಹೋದ್ರೆ ಎಷ್ಟು ಜೋರು ಬೇಕು ನಿಮಗೇ ಗೊತ್ತು. ಫೋನ್ ಗ್ಲಾಸೂ ಹಾಗೇ. ಗ್ಲಾಸು ಒತ್ತಡ ತಡ್ಕೊಳ್ಳುತ್ತೆ, ಎಳೆತ ತಡ್ಕೊಳ್ಳಲ್ಲ, ಬಾಗಿದಾಗ ಎಳೆತ ಬೀಳೋ ಕಡೆ ಮೊದಲೇ ಒಂದು ಗೀರು ಇದ್ರೆ ಬಿರುಕು ಅಲ್ಲಿಂದಲೇ ಬಾಯಿ ಬಿಡುತ್ತೆ. ಅಂದ್ರೆ ಇವತ್ತಿನ ಸ್ಕ್ರ್ಯಾಚು ನಾಳೆ ಫೋನ್ ಬಿದ್ದಾಗ ಒಡೆಯೋಕೆ ದಾರಿ. ಜನ ಸ್ಕ್ರ್ಯಾಚ್ ಅಂದ್ರೆ ನೋಡೋಕೆ ಚೆನ್ನಾಗಿರಲ್ಲ ಅಷ್ಟೆ ಅನ್ಕೊಂಡಿದಾರೆ, ನಾನು ಮಾತ್ರ ಗಾರ್ಡ್ ಹಾಕ್ಸೋದು ಮುಖ್ಯವಾಗಿ ಇದಕ್ಕೇ ಅಂತೀನಿ.

ಇನ್ನು ಸ್ಕ್ರ್ಯಾಚ್ ಮಾಡೋದು ಯಾವುದು? ಬೀಗದ ಕೈ, ಚಿಲ್ಲರೆ ಅಲ್ಲ. ಖನಿಜಗಳ ಗಟ್ಟಿತನ ಅಳೆಯೋಕೆ ಮೋಸ್ ಅಂತ ಒಂದು ಅಳತೆ ಇದೆ, ಪೌಡರ್‌ಗೆ ಹಾಕೋ ಟಾಲ್ಕ್ 1, ವಜ್ರ 10, ಗಟ್ಟಿ ಇರೋದು ಮೆತ್ತಗಿರೋದನ್ನ ಗೀರುತ್ತೆ. ಹಿತ್ತಾಳೆ ಕೀ 3 ರ ಆಸುಪಾಸು, ಚಾಕು 5.5 ಹತ್ರ, ಫೋನ್ ಗ್ಲಾಸು ಸುಮಾರು 6, ಬೆಣಚುಕಲ್ಲು 7. ನಿಮ್ಮ ಸೈಟಲ್ಲಿ ರಾಶಿ ಬಿದ್ದಿರೋ ಎಂ-ಸ್ಯಾಂಡ್ ಏನು, ಗ್ರಾನೈಟ್ ಕಲ್ಲು ಪುಡಿ ಮಾಡಿದ್ದು, ಅದರಲ್ಲಿ ಬೆಣಚು ಚೆನ್ನಾಗೇ ಇರುತ್ತೆ. ಜೇಬಿನ ಮೂಲೇಲಿ ಸೇರ್ಕೊಂಡಿರೋ ನಾಲ್ಕು ಕಾಳು ಮರಳು, ಸ್ಕ್ರೀನ್ ಮೇಲೆ ಧೂಳು ಕೂತಾಗ ಹಾಗೇ ಶರ್ಟಿಗೆ ಉಜ್ಜೋದು, ಇವೆರಡೇ ಸಾಕು. ಗಾರ್ಡ್ ಮೇಲೂ ಇದೇ ಗೀರು ಬೀಳುತ್ತೆ ಮತ್ತೆ, ಅದೂ ಗ್ಲಾಸೇ ತಾನೆ, ಬೆಣಚಿಗಿಂತ ಮೆತ್ತಗೇ. ಆದ್ರೆ ಗೀರು ಬಿದ್ದ ಗಾರ್ಡ್ ಕಿತ್ತು ಬೇರೆ ಹಾಕ್ಸಬಹುದು.

9ಎಚ್ ಅಂತ ಬಾಕ್ಸ್ ಮೇಲೆ ಬರೆದಿರ್ತಾರಲ್ಲ, ಎಷ್ಟೋ ಜನ ಅದನ್ನ ಮೋಸ್ ಅಳತೆಯ 9 ಅನ್ಕೊಂಡು ವಜ್ರಕ್ಕೆ ಒಂದೇ ಮೆಟ್ಟಿಲು ಕೆಳಗೆ ಅಂತ ಖುಷಿ ಪಡ್ತಾರೆ. ಅದು ಪೆನ್ಸಿಲ್ ನಂಬರ್ ಕಣ್ರೀ! ಡ್ರಾಯಿಂಗ್ ಪೆನ್ಸಿಲ್‌ನಲ್ಲಿ ಎಚ್‌ಬಿ, 2ಎಚ್ ಅಂತೆಲ್ಲ ಬರುತ್ತಲ್ಲ ಅದೇ ಸಾಲಿನ ತೀರಾ ಗಟ್ಟಿ ಪೆನ್ಸಿಲ್ 9ಎಚ್. ಪೇಂಟು ಕೋಟಿಂಗು ಎಷ್ಟು ಗಟ್ಟಿ ಅಂತ ನೋಡೋಕೆ ಪೆನ್ಸಿಲ್‌ನ ಓರೆಯಾಗಿ ಹಿಡಿದು ಗೀಚೋ ಟೆಸ್ಟ್ ಅದು. ಮನೆ ಕಿಟಕಿ ಗಾಜೂ ಆ ಟೆಸ್ಟ್ ಪಾಸಾಗುತ್ತೆ. 11ಡಿ, 21ಡಿ ಅನ್ನೋದಂತೂ ಯಾವ ಅಳತೇನೂ ಅಲ್ಲ, ಬಾಕ್ಸ್ ಪ್ರಿಂಟ್ ಮಾಡಿಸೋನಿಗೆ ಬಾಯಿಗೆ ಬಂದ ನಂಬರು. ಅಂಗಡಿಯವ್ರು ಕೀ ತಗೊಂಡು ಗಾರ್ಡ್ ಮೇಲೆ ಪರಪರ ಗೀಚಿ ತೋರಿಸ್ತಾರಲ್ಲ, ಅದೇ ಕೀ ನಿಮ್ಮ ಬರೀ ಫೋನ್ ಗ್ಲಾಸಿಗೂ ಏನೂ ಮಾಡಲ್ಲ. ಸುತ್ತಿಗೆ ತಮಾಷೆನೂ ಅಷ್ಟೆ. ಫೋನ್ ಟೇಬಲ್ ಮೇಲೆ ಮಲಗಿರುತ್ತೆ, ಕೆಳಗೆ ಪೂರ್ತಿ ಆಸರೆ, ಸುತ್ತಿಗೆ ಮುಖ ಚಪ್ಪಟೆ, ಗ್ಲಾಸ್ ಬಾಗೋಕೆ ಜಾಗಾನೇ ಇಲ್ಲ. ಅದೇ ಗಾರ್ಡ್‌ನ ಅಂಚಿಗೆ ಒಂದು ನಾಣ್ಯದಿಂದ ಟಕ್ ಅಂತ ತಟ್ಟಿ ತೋರ್ಸಿ ಅಂತ ಕೇಳಿ ನೋಡಿ.

ಟೆಂಪರ್ಡ್ ಅಂದ್ರೆ ಏನು ಅಂತ ಒಂದು ಮಾತು. ಇಷ್ಟು ತೆಳು ಗ್ಲಾಸನ್ನ ಕಾಯಿಸಿ ಗಾಳಿ ಊದಿ ಗಟ್ಟಿ ಮಾಡೋಕಾಗಲ್ಲ, ಸುಮಾರು 400 ಡಿಗ್ರಿಗೆ ಕರಗಿಸಿದ ಪೊಟ್ಯಾಸಿಯಮ್ ನೈಟ್ರೇಟ್ ಉಪ್ಪಲ್ಲಿ ಗಂಟೆಗಟ್ಟಲೆ ಅದ್ದಿಡ್ತಾರೆ. ಗ್ಲಾಸ್ ಮೇಲ್ಮೈಯಿಂದ ಸೋಡಿಯಂ ಹೊರಗೆ ಹೋಗಿ ಆ ಜಾಗಕ್ಕೆ ಅದಕ್ಕಿಂತ ದಪ್ಪ ಪೊಟ್ಯಾಸಿಯಮ್ ಬಂದು ಕೂರುತ್ತೆ, ಇಬ್ಬರು ಕೂರೋ ಬಸ್ ಸೀಟಲ್ಲಿ ಮೂವರು ಕೂತ ಹಾಗೆ. ಮೇಲ್ಮೈಯೆಲ್ಲ ಇರುಕಿಕೊಂಡು ಇರುತ್ತಲ್ಲ, ಬಿರುಕು ಬಾಯಿ ಬಿಡೋಕೆ ಕಷ್ಟ. ಆದ್ರೆ ಆ ಇರುಕಿದ ಪದರ ಗಾರ್ಡ್‌ನಲ್ಲಿ ಕೂದಲೆಳೆಗಿಂತ ತೆಳು, ಮರಳಿನ ಗೀರು ಅದನ್ನ ದಾಟಿ ಒಳಗೆ ಹೋಯ್ತು ಅಂದ್ರೆ ಅಲ್ಲಿಗೆ ಟೆಂಪರ್ ಲೆಕ್ಕ ಮುಗೀತು.

ಪ್ಲಾಸ್ಟಿಕ್ ವಿಷಯಕ್ಕೆ ಬರೋಣ. 80 ರೂಪಾಯಿದು ಪಿಇಟಿ ಹಾಳೆ, ನೀರಿನ ಬಾಟಲ್ ಮಾಡ್ತಾರಲ್ಲ ಅದೇ ಜಾತಿ, 0.1 ರಿಂದ 0.2 ಮಿಲಿಮೀಟರ್ ದಪ್ಪ. ಸ್ಕ್ರೀನಿಗೆ ಗೀರು ಬೀಳದ ಹಾಗೆ ಅದೂ ನೋಡ್ಕೊಳ್ಳುತ್ತೆ, ಸಣ್ಣ ಕಾಳು ಮರಳು ಅದರಲ್ಲೇ ಹೂತು ನಿಲ್ಲುತ್ತೆ, ಆದ್ರೆ ತಾನು ಮಾತ್ರ ಎರಡು ವಾರಕ್ಕೆ ಮಬ್ಬಾಗಿ ಬಿಸಿಲಲ್ಲಿ ಏನೂ ಕಾಣದ ಹಾಗೆ ಆಗುತ್ತೆ. ಇನ್ನೊಂದು ಟಿಪಿಯು, ಮೆತ್ತಗೆ ರಬ್ಬರ್ ಥರ ಎಳೆಯುತ್ತೆ, ಉಗುರಿನ ಗೆರೆ ಬಿದ್ರೆ ಸ್ವಲ್ಪ ಹೊತ್ತಿಗೆ ತಾನೇ ಮಾಯವಾಗುತ್ತೆ, ಆಳವಾಗಿ ಕುಯ್ದಿದ್ದು ಮಾತ್ರ ಹಾಗೇ ಉಳಿಯುತ್ತೆ. ಬೀಳೋ ವಿಷಯದಲ್ಲಿ ಎರಡೂ ಹೆಚ್ಚೇನೂ ಮಾಡಲ್ಲ. ಫೋನ್ ಬೋರಲಾಗಿ ಜಲ್ಲಿ ಮೇಲೆ ಬಿತ್ತು ಅಂದ್ಕೊಳ್ಳಿ, ಜಲ್ಲಿ ಚೂಪು ಅಷ್ಟು ತೆಳು ಪ್ಲಾಸ್ಟಿಕ್ ಮೂಲಕ ಕೆಳಗಿನ ಗ್ಲಾಸನ್ನೇ ಒತ್ತುತ್ತೆ. ಟೆಂಪರ್ಡ್ ಗ್ಲಾಸ್ ನಿಜವಾಗಿ ದುಡ್ಡಿಗೆ ಬೆಲೆ ಕೊಡೋದು ಇಂಥ ಕಡೆ, ಆ ಚೂಪು ಗಾರ್ಡನ್ನ ಸೀಳುತ್ತೆ, ಡಿಸ್‌ಪ್ಲೇ ಗ್ಲಾಸ್‌ಗೆ ಆ ಮೊದಲ ಗಾಯ ಆಗಲ್ಲ. ನಿಮ್ಮ ಸೈಟಲ್ಲಿ ಜಲ್ಲಿಗೇನು ಬರ ಇಲ್ಲವಲ್ಲ.

ಹಾಗಾಗಿ ನೀವು ಟೆಂಪರ್ಡ್ ಗ್ಲಾಸೇ ಹಾಕ್ಸಿ, 11ಡಿ ಬಿಡಿ, ಪೂರ್ತಿ ಅಂಟು ಇರೋ ಸಾದಾದು ಕೇಳಿ. ಅಂಚಿಗೆ ಮಾತ್ರ ಅಂಟು ಇರೋದರಲ್ಲಿ ನಡುವೆ ಗಾಳಿ ನಿಂತು ಟಚ್ ಸರಿಯಾಗಿ ತಗೊಳಲ್ಲ, ಓರೆಯಾಗಿ ಹಿಡಿದು ನೋಡಿದ್ರೆ ನಡುವೆ ಸಣ್ಣ ಸಣ್ಣ ಚುಕ್ಕಿಗಳ ಜಾಲ ಕಾಣ್ಸುತ್ತೆ, ಅದು ಕಂಡ್ರೆ ಬೇಡ ಅನ್ನಿ. ಜೊತೆಗೆ ಉಳಿದ ದುಡ್ಡಿಗೆ ಒಳ್ಳೇ ಕವರ್ ತಗೊಳ್ಳಿ, ಫೋನ್‌ನ ಬೋರಲು ಇಟ್ಟಾಗ ಗಾರ್ಡ್ ಟೇಬಲ್ ಮುಟ್ಟಬಾರದು, ಕವರ್ ಅಂಚು ಅಷ್ಟು ಎತ್ತರ ಇರಬೇಕು. ಗಾರ್ಡ್ ಹಾಕಿದ ಮೇಲೆ ಇದನ್ನ ನೋಡಿ, ಮೊದಲು ಅಲ್ಲ, ಎಷ್ಟೋ ಕವರ್‌ಗಳ ಅಂಚು ಗಾರ್ಡ್ ದಪ್ಪಕ್ಕೇ ಸಮ ಆಗಿಬಿಡುತ್ತೆ, ಇನ್ನು ಕೆಲವು ಗಾರ್ಡ್‌ನ ಅಂಚನ್ನ ಎತ್ತಿ ಬಿಡ್ತವೆ.

ಟೆಂಪರ್ಡ್ ಬೇಡ ಅಂತ ನಾನೇ ಹೇಳೋ ಫೋನ್‌ಗಳೂ ಇವೆ. ಮಡಚೋ ಫೋನ್‌ಗೆ ಪ್ಲಾಸ್ಟಿಕ್ ಫಿಲಮ್ಮೇ ಗತಿ, ಕಂಪನಿ ಹಾಕಿ ಕಳ್ಸಿರೋ ಪದರ ಕೀಳಲೇಬಾರದು. ಅಂಚು ಬಾಗಿರೋ ಡಿಸ್‌ಪ್ಲೇಗೆ ಯುವಿ ಗ್ಲಾಸ್ ಅಂತ ಹಾಕ್ತಾರೆ, ದ್ರವದ ಅಂಟು ಸುರಿದು ನೀಲಿ ಲೈಟಲ್ಲಿ ಒಣಗಿಸೋದು. ಆ ಅಂಟು ಇಯರ್‌ಪೀಸ್ ಜಾಲರಿ ಒಳಗೆ, ಬಟನ್ ಸಂದಿಗೆ ಇಳಿದು ಗಟ್ಟಿಯಾದ ಫೋನ್‌ಗಳನ್ನ ಬಿಚ್ಚಿ ಬಿಚ್ಚಿ ನನಗೆ ಸಾಕಾಗಿದೆ, ಅಂಥದ್ದಕ್ಕೆ ಟಿಪಿಯು ಹಾಕ್ಸಿ ಸುಮ್ಮನಿರಿ.

ನಿಮ್ಮ ಗಾರ್ಡ್ ಮೂಲೇಲಿ ಚಕ್ಕೆ ಎದ್ರೆ ಅಥವಾ ಒಂದು ಬಿರುಕು ಬಂದ್ರೆ ಪೂರ್ತಿ ಒಡೆಯೋವರೆಗೂ ಕಾಯಬೇಡಿ, ಆ ಸಂದೀಲಿ ಸೇರೋ ಮರಳು ಗಾರ್ಡ್ ಕೆಳಗೆ ಹೋಗಿ ಡಿಸ್‌ಪ್ಲೇನೇ ಉಜ್ಜುತ್ತೆ. ಸೈಟಲ್ಲಿ ಇರೋರಿಗೆ ನಾಲ್ಕೈದು ತಿಂಗಳಿಗೊಂದು ಬೇಕಾಗಬಹುದು, ಅದಕ್ಕೇ 300ರದ್ದು ಬೇಡ, 100ರದ್ದು ಸಾಕು ಅನ್ನೋದು. ಧೂಳು ಕೂತ್ರೆ ಮೊದಲು ಊದಿ, ಆಮೇಲೆ ಒರೆಸಿ. ಮತ್ತೆ ಫಿಂಗರ್‌ಪ್ರಿಂಟ್ ಡಿಸ್‌ಪ್ಲೇ ಒಳಗೇ ಇರೋ ಫೋನ್ ಆದ್ರೆ ಗಾರ್ಡ್ ಹಾಕಿಸಿದ ಮೇಲೆ ಹಳೇ ಬೆರಳಚ್ಚು ಡಿಲೀಟ್ ಮಾಡಿ ಹೊಸದಾಗಿ ಕೊಡಿ, ಅಂಗಡಿಯಿಂದ ಎದ್ದು ಬರೋ ಮುಂಚೆ ನಾಲ್ಕು ಸಲ ಅನ್‌ಲಾಕ್ ಮಾಡಿ ನೋಡಿ, ಆಗದಿದ್ರೆ ಅಲ್ಲೇ ಕಿತ್ತು ಬೇರೆ ಹಾಕ್ಸಿ.