ಕೊನೆಯವನಿಗೆ ಶಿಕ್ಷೆ: ಚೀಟಿ ಆಗಸ್ಟ್‌ನಲ್ಲೇ ಬರೆಯಿರಿ

ಪ್ರಶ್ನೆ: "ನಾವು ಕುಂಬಳೆ ಕಡೆಯ ಎಂಟು ಮಂದಿ ಇಂಗ್ಲೆಂಡಿನ ಫುಟ್‌ಬಾಲಿನ ಫ್ಯಾಂಟಸಿ ಪ್ರೀಮಿಯರ್ ಲೀಗ್ ಆಡ್ತೇವೆ. ಸೀಸನ್ ಮುಗಿಯಿತು. ಕೊನೆಗೆ ಬಂದವನಿಗೆ ಗಮ್ಮತ್ತಿನ ಶಿಕ್ಷೆ ಒಂದು ಹೇಳಿ, ಜಗಳ ಆಗಬಾರದು."

ಈ ಸಲ ಅವನ ಲೆಕ್ಕದಲ್ಲಿ ಒಂದೊಂದು ಚಾ ಕುಡಿದು ಬಿಟ್ಟುಬಿಡಿ ಮಾರಾಯ್ರೆ. ನಮ್ಮ ಗುಂಪೂ ಹೀಗೇ ಮೇ ತಿಂಗಳಲ್ಲಿ ಶಿಕ್ಷೆ ಹುಡುಕಲು ಹೊರಟು ಕೆಟ್ಟದ್ದು. ಕೊನೆಯವನು ಯಾರೆಂದು ಗೊತ್ತಾದ ಮೇಲೆ ಹುಡುಕಿದರೆ ಅದು ಸೋಲಿಗೆ ಕೊಡುವ ಶಿಕ್ಷೆ ಆಗುವುದಿಲ್ಲ, ಆ ಮನುಷ್ಯನ ಅಳತೆಗೆ ಹೊಲಿದ ಶಿಕ್ಷೆ ಆಗುತ್ತದೆ. ನಾಚಿಕೆಯವನಾದರೆ ಬಸ್‌ಸ್ಟ್ಯಾಂಡಿನಲ್ಲಿ ಕುಣಿ ಅಂತಾರೆ, ಕೈ ಬಿಗಿ ಇರುವವನಾದರೆ ಎಲ್ಲರಿಗೂ ಬಿರಿಯಾನಿ ಅಂತಾರೆ. ಪಾರಾದ ಏಳು ಮಂದಿಗೆ ಇನ್ನು ಕಳೆದುಕೊಳ್ಳುವುದು ಏನೂ ಇಲ್ಲ, ಹಾಗಾಗಿ ಮಾತು ಏರುತ್ತಲೇ ಹೋಗುತ್ತದೆ. ಅದೇ ಏಳು ಮಂದಿಯನ್ನು ಆಗಸ್ಟ್‌ನಲ್ಲಿ, ಮೊದಲ ವಾರದ ಡೆಡ್‌ಲೈನ್‌ಗೆ ಮುಂಚೆ ಕೇಳಿ ನೋಡಿ. ತನ್ನ ತಲೆಗೇ ಬರಬಹುದು ಅಂತ ಹೆದರಿ ಎಲ್ಲರೂ ನ್ಯಾಯವಂತರಾಗುತ್ತಾರೆ.

ಆಗ ಮಾಡಬೇಕಾದದ್ದು ಇಷ್ಟೇ. ಒಬ್ಬೊಬ್ಬರು ಒಂದೊಂದು ಶಿಕ್ಷೆ ಚೀಟಿಯಲ್ಲಿ ಬರೆಯಲಿ, ಹೆಸರು ಬೇಡ. ಖರ್ಚು 300 ರೂಪಾಯಿ ದಾಟಬಾರದು, ಒಂದು ಗಂಟೆಯೊಳಗೆ ಮುಗಿಯಬೇಕು, ವಿಡಿಯೊ ಗುಂಪಿನಿಂದ ಹೊರಗೆ ಹೋಗಬಾರದು. ತಿನ್ನಿಸುವುದು, ತಲೆ ಬೋಳಿಸುವುದು, ಬೈಕ್, ಅವನ ಕೆಲಸದ ಜಾಗ, ಇವು ನಾಲ್ಕೂ ಚೀಟಿಯಲ್ಲಿ ಬರಲೇಬಾರದು. ಎಂಟನ್ನೂ ಓದಿ. ಯಾರಿಗಾದರೂ "ಇದು ನನ್ನಿಂದ ಆಗದು" ಅನ್ನಿಸಿದರೆ ಕಾರಣ ಕೇಳದೆ ಹರಿದುಹಾಕಿ. ಮೂರಕ್ಕಿಂತ ಕಡಿಮೆ ಉಳಿದರೆ ಹೊಸದಾಗಿ ಬರೆಯಿರಿ. ಉಳಿದವುಗಳ ಫೋಟೊ ಗುಂಪಿನಲ್ಲಿ ಪಿನ್ ಮಾಡಿಡಿ. ಮೇಯಲ್ಲಿ ಸೋತವನು ಅದರಲ್ಲಿ ಒಂದನ್ನು ಹೊಡೆದುಹಾಕುತ್ತಾನೆ, ಗೆದ್ದವನು ಉಳಿದದ್ದರಲ್ಲಿ ಒಂದನ್ನು ಆರಿಸುತ್ತಾನೆ. ಸೋತವನ ಕೈಯಲ್ಲೂ ಒಂದು ಏಟು ಇರುವುದರಿಂದ ಮುನಿಸಿಗೆ ಜಾಗ ಇಲ್ಲ.

ಇನ್ನು ನಿಜವಾದ ಜಗಳ ಇರುವುದು "ಕೊನೆಯವನು ಯಾರು" ಎಂಬುದರಲ್ಲಿ. ಐದನೇ ವಾರದಲ್ಲಿ ಸೇರಿದವನಿಗೆ ಮೊದಲ ನಾಲ್ಕು ವಾರ ಸೊನ್ನೆ. ವಾರಕ್ಕೆ 50 ಅಂಕ ಅಂತ ಹಿಡಿದರೂ 200 ಅಂಕ ಹಿಂದೆ. ಅವನನ್ನು ಕೊನೆಯವನು ಅನ್ನುವುದರಲ್ಲಿ ಏನು ಗಮ್ಮತ್ತು? ಪ್ರೈವೇಟ್ ಲೀಗ್ ಮಾಡುವಾಗ ಯಾವ ವಾರದಿಂದ ಅಂಕ ಎಣಿಸಬೇಕು ಎಂದು ಆರಿಸಬಹುದು. ಎಲ್ಲರೂ ಸೇರಿದ ಮೇಲಿನ ವಾರವನ್ನೇ ಇಡಿ. ನನ್ನ ಪ್ರಕಾರ 20ನೇ ವಾರದಿಂದ ಶುರುವಾಗುವ ಎರಡನೇ ಲೀಗ್ ಒಂದು ಬೇಕೇ ಬೇಕು. ಇಲ್ಲದಿದ್ದರೆ ಡಿಸೆಂಬರ್‌ನಲ್ಲೇ ತಳ ಕಂಡವನು ತಂಡವನ್ನು ತಿರುಗಿಯೂ ನೋಡುವುದಿಲ್ಲ.

ಹಾಗೆ ಕೈಬಿಟ್ಟ ತಂಡವನ್ನು ಗುರುತಿಸುವುದೂ ಸುಲಭವಲ್ಲ. ಟ್ರಾನ್ಸ್‌ಫರ್ ಮಾಡಿಲ್ಲ ಅಂದ ಮಾತ್ರಕ್ಕೆ ಕೈಬಿಟ್ಟ ಎನ್ನಬೇಡಿ. ಈಗಿನ ನಿಯಮದಲ್ಲಿ ಉಚಿತ ಟ್ರಾನ್ಸ್‌ಫರ್ ಐದರವರೆಗೆ ಕೂಡಿಡಬಹುದು, ಬುದ್ಧಿವಂತರು ಬೇಕೆಂದೇ ಸುಮ್ಮನಿರುತ್ತಾರೆ. ಐದು ತುಂಬಿದ ಮೇಲೂ ಮುಟ್ಟದೆ, ಗಾಯಾಳು ಆಟಗಾರನೇ ಕ್ಯಾಪ್ಟನ್ ಆಗಿ ಉಳಿದಿದ್ದರೆ ಆಗ ಅನುಮಾನ ಬೇಡ. ಅಂಥವನನ್ನು ಪಟ್ಟಿಯಿಂದ ತೆಗೆಯಬೇಡಿ. ತೆಗೆದರೆ ಶಿಕ್ಷೆ ತಪ್ಪಿಸುವ ದಾರಿ ಎಲ್ಲರಿಗೂ ಗೊತ್ತಾಗುತ್ತದೆ. ಅವನಿಗೂ ಶಿಕ್ಷೆ, ಆಡಿ ಕೊನೆಗೆ ಬಂದವನಿಗೂ ಶಿಕ್ಷೆ, ಎರಡು.

ಡೆಡ್‌ಲೈನ್ ತಪ್ಪಿದ್ದಕ್ಕೆ ಮಾತ್ರ ವಿನಾಯಿತಿ ಕೊಡಬೇಡಿ, ಆದರೆ ನೆನಪಿಸುವ ಕೆಲಸ ಒಬ್ಬನಿಗೆ ವಹಿಸಿ. ವಾರದ ಮೊದಲ ಆಟಕ್ಕೆ 90 ನಿಮಿಷ ಮುಂಚೆ ಬಾಗಿಲು ಮುಚ್ಚುತ್ತದೆ. ನಮ್ಮವರು ಎಡವುವುದು ಶುಕ್ರವಾರದ ಆಟಗಳಲ್ಲಿ. ಇಂಗ್ಲೆಂಡಿನಲ್ಲಿ ರಾತ್ರಿ 8ಕ್ಕೆ ಆಟ ಎಂದರೆ ಇಲ್ಲಿ ಡೆಡ್‌ಲೈನ್ ಶುಕ್ರವಾರ ರಾತ್ರಿ 11. ಅಕ್ಟೋಬರ್ ಕೊನೆಗೆ ಅಲ್ಲಿ ಗಡಿಯಾರ ಹಿಂದೆ ಹೋದ ಮೇಲೆ ರಾತ್ರಿ 12. ಶನಿವಾರ ನೋಡಿಕೊಂಡರಾಯಿತು ಅಂತ ಮಲಗಿದವನು ಹೋದ.

ಶಿಕ್ಷೆ ಅಂತ ಕೇಳಿದ್ದೀರಲ್ಲ, ನನಗೆ ಹಿಡಿಸಿದ್ದು ಪತ್ರಿಕಾಗೋಷ್ಠಿ. ಸೋತವನು ವಜಾಗೊಂಡ ಮ್ಯಾನೇಜರ್. ಮೇಜಿನ ಮೇಲೆ ನೀರಿನ ಬಾಟಲಿ, ಎದುರು ನಾಲ್ಕಾರು ಫೋನು, ಮೈಮೇಲೆ ಎದುರಾಳಿ ತಂಡದ ಜೆರ್ಸಿ. ಆರ್ಸೆನಲ್ ಅಭಿಮಾನಿಗೆ ಟಾಟನಮ್‌ನದು. ಜೆರ್ಸಿ ಯಾರಿಂದಲಾದರೂ ಕಡ ತನ್ನಿ. ಹತ್ತು ನಿಮಿಷ, ಒಬ್ಬೊಬ್ಬರದು ಎರಡು ಪ್ರಶ್ನೆ, ಎಲ್ಲವೂ ಅವನು ಆ ವರ್ಷ ಮಾಡಿದ ಟ್ರಾನ್ಸ್‌ಫರ್ ಬಗ್ಗೆಯೇ ಇರಬೇಕು: "ನಾಲ್ಕು ಅಂಕ ಕೊಟ್ಟು ತಂದ ಸ್ಟ್ರೈಕರ್ ಬೆಂಚಿನಲ್ಲಿ ಏನು ಮಾಡ್ತಿದ್ದ ಸರ್?" ನಕ್ಕರೆ ಒಂದು ನಿಮಿಷ ಹೆಚ್ಚು. ದುಬೈಯಲ್ಲಿರುವ ಗೆಳೆಯನಿಗೂ ವಿಡಿಯೊ ಕಾಲ್‌ನಲ್ಲಿ ಇದೇ ಆಗುತ್ತದೆ, ಆದ್ದರಿಂದ ಊರಿನವನಿಗೊಂದು ಗಲ್ಫಿನವನಿಗೊಂದು ಎಂಬ ತಕರಾರು ಇಲ್ಲ.

ಊರಲ್ಲೇ ಇರುವವನಾದರೆ ಟರ್ಫ್‌ನಲ್ಲಿ ಒಂದು ಗಂಟೆ ರೆಫರಿಯೂ ಬಾಲ್ ಹೆಕ್ಕುವವನೂ ಅವನೇ ಆಗಲಿ. ಅದನ್ನು ಮೇ ಮುಗಿಯುವುದರೊಳಗೆ ಮಾಡಿಸಿ. ಜೂನ್ ಮಳೆ ಹಿಡಿದರೆ ಅವನೇ ಬಚಾವ್.