ಅರೆಮನಸ್ಸಿದ್ದಾಗ ರಿಕ್ರೂಟರ್‌ಗೆ ಏನು ಬರೆಯಬೇಕು

"ಅಕ್ಕಾ, ನಾನು ಹಾಸನದವನು, ಎಂಸಿಇಯಲ್ಲಿ ಓದಿದ್ದು. ಸ್ಟುಟ್‌ಗಾರ್ಟ್‌ಗೆ ಬಂದು ಎಂಟು ತಿಂಗಳಾಯ್ತು. ಜರ್ಮನಿಯಲ್ಲಿ ಕೆಲಸ ಮಾಡಲು ಬ್ಲೂ ಕಾರ್ಡ್ ಇದೆ, ಸಂಬಳ ವರ್ಷಕ್ಕೆ 58,000 ಯೂರೋ. ಮೊನ್ನೆ LinkedInನಲ್ಲಿ ಒಬ್ಬರು ರಿಕ್ರೂಟರ್ ಮೆಸೇಜ್ ಮಾಡಿದ್ದಾರೆ. ಮ್ಯೂನಿಕ್‌ನಲ್ಲಿ ಒಂದು ದೊಡ್ಡ ಕಾರ್ ಕಂಪನಿಗೆ ಟೆಸ್ಟ್ ಎಂಜಿನಿಯರ್ ಬೇಕಂತೆ, ಸಂಬಳ ಚೆನ್ನಾಗಿದೆಯಂತೆ. ಸಿವಿ ಮತ್ತು ಈಗಿನ ಸಂಬಳ ಕಳಿಸಿ, ನಾಳೆ ಫೋನ್‌ನಲ್ಲಿ ಮಾತಾಡೋಣ ಅಂದಿದ್ದಾರೆ. ಈ ಕೆಲಸ ಬಿಡುವ ಆಲೋಚನೆ ನನಗಿಲ್ಲ. ಆದ್ರೆ ನಿಜವಾಗ್ಲೂ ಒಳ್ಳೆಯದಿದ್ರೆ ಕಳ್ಕೊಳ್ಳೋದು ಯಾಕೆ ಅಂತಲೂ ಅನ್ನಿಸ್ತದೆ. ಏನು ಬರೀಲಿ? ಸುಮ್ನಿದ್ರೆ ತಪ್ಪಾಗುತ್ತಾ?"

ಸುಮ್ಮನಿದ್ದರೆ ತಪ್ಪೇನೂ ಇಲ್ಲಪ್ಪಾ. ಇಂಥ ಮೆಸೇಜನ್ನು ಅವರು ಒಂದೇ ದಿನ ಎಷ್ಟೋ ಜನರಿಗೆ ಕಳಿಸಿರುತ್ತಾರೆ. ಆದರೆ ನಿನಗೆ ಅರ್ಧ ಮನಸ್ಸಾದರೂ ಇದೆಯಲ್ಲ, ಹಾಗಿದ್ದ ಮೇಲೆ ಉತ್ತರ ಕೊಡು. ಪರಿಚಯ ಇಲ್ಲದವರಿಗೆ LinkedInನಲ್ಲಿ ಹೀಗೆ ಕಳಿಸುವ ಮೆಸೇಜಿಗೆ InMail ಅಂತಾರೆ, ಅದಕ್ಕೆ ಅವರು ದುಡ್ಡು ಕೊಟ್ಟಿರುತ್ತಾರೆ. 90 ದಿನದೊಳಗೆ ಉತ್ತರ ಬಂದರೆ ಅದರ ಕ್ರೆಡಿಟ್ ಅವರಿಗೆ ವಾಪಸ್ ಸಿಗುತ್ತದೆ. ಅಂದರೆ ನೀನು 'ಬೇಡ' ಅಂದರೂ ಅವರಿಗೆ ಲಾಭವೇ, ಬೇಜಾರು ಮಾಡಿಕೊಳ್ಳುವುದಿಲ್ಲ.

ನಾನೀಗ ರಜೆಗೆ ಊರಿಗೆ ಬಂದಿದ್ದೇನೆ. ಸಾಲಗಾಮೆ ರಸ್ತೆಯಲ್ಲಿ, ನಿನ್ನ ಕಾಲೇಜಿನ ಹತ್ತಿರವೇ ನಮ್ಮ ಮನೆ. ಬೆಂಗಳೂರಿನಲ್ಲಿ ಕೆಲಸ ಮಾಡುವ ಇಲ್ಲಿನ ಹುಡುಗರನ್ನು ನೋಡುತ್ತೇನೆ. ರಿಕ್ರೂಟರ್ ಮೆಸೇಜ್ ಬಂದ ಕೂಡಲೇ ಈಗಿನ ಸಿಟಿಸಿ, ಬೇಕಾದ ಸಿಟಿಸಿ, ನೋಟಿಸ್ ಪೀರಿಯಡ್ ಮೂರನ್ನೂ ಬರೆದು, ಸಿವಿ ಅಂಟಿಸಿ ಕಳಿಸಿಬಿಡುತ್ತಾರೆ. ಕೆಲಸ ಬೇಕೇ ಬೇಕು ಅನ್ನುವವರಿಗೆ ಅದು ಸರಿ. ನಿನಗೆ ಅಲ್ಲ. ನಿನ್ನ ಹತ್ತಿರ ಕೆಲಸ ಇದೆ, ಆತುರ ಇಲ್ಲ. ಸಕಲೇಶಪುರದ ಕಡೆ ಕಾಫಿ ವ್ಯಾಪಾರಿ ತೋಟದ ಮನೆಗೇ ಬಂದರೆ ಬೆಳೆಗಾರರು ಮೊದಲು ಕೇಳುವುದು 'ಇವತ್ತು ರೇಟ್ ಎಷ್ಟು' ಅಂತ, ಚೀಲ ಹೊರಗೆ ತರುವುದು ಆಮೇಲೆ. ನೀನೂ ಹಾಗೇ ಮಾಡು. ಮೊದಲು ಅವರಿಂದ ವಿವರ ಬರಲಿ.

ಆ ಮೆಸೇಜನ್ನು ಇನ್ನೊಮ್ಮೆ ಓದು. 'ಒಂದು ದೊಡ್ಡ ಕಾರ್ ಕಂಪನಿ' ಅಂತ ಇದೆ, ಹೆಸರಿಲ್ಲ. ಅಂದರೆ ಇವರು ಆ ಕಂಪನಿಯ ಎಚ್‌ಆರ್ ಅಲ್ಲ, ಹೊರಗಿನ ಏಜೆನ್ಸಿ ಇರಬೇಕು. ಅವರ ಪ್ರೊಫೈಲ್ ತೆರೆದು ಎಲ್ಲಿ ಕೆಲಸ ಮಾಡುತ್ತಾರೆ ಅಂತ ನೋಡು, ಖಚಿತವಾಗುತ್ತದೆ. ಇದನ್ನು ಯಾಕೆ ಹೇಳುತ್ತೇನೆ ಅಂದರೆ, ಏಜೆನ್ಸಿಯಲ್ಲೂ ಎರಡು ಥರ ಇದೆ. ಒಂದು ಥರದವರು ನಿನ್ನನ್ನು ಕಂಪನಿಗೆ ಪರಿಚಯ ಮಾಡಿಸುತ್ತಾರೆ. ನೀನು ಸೇರಿದರೆ ಕಂಪನಿಯೇ ಅವರಿಗೆ ಫೀಸ್ ಕೊಡುತ್ತದೆ, ಮೊದಲ ವರ್ಷದ ಸಂಬಳದ ಕಾಲು ಭಾಗದ ಆಸುಪಾಸು. ನಿನ್ನ ಒಪ್ಪಂದ ನೇರವಾಗಿ ಕಾರ್ ಕಂಪನಿಯ ಜೊತೆ.

ಇನ್ನೊಂದು ಥರದವರು ನಿನ್ನನ್ನು ತಮ್ಮಲ್ಲೇ ಕೆಲಸಕ್ಕೆ ಇಟ್ಟುಕೊಂಡು, ಕಾರ್ ಕಂಪನಿಗೆ ಬಾಡಿಗೆಗೆ ಕಳಿಸುತ್ತಾರೆ. ನಮ್ಮ ಕಡೆ ಥರ್ಡ್ ಪಾರ್ಟಿ ಪೇರೋಲ್ ಅಂತಾರಲ್ಲ, ಅದೇ. ಜರ್ಮನಿಯ ಕಾರ್ ಉದ್ಯಮದಲ್ಲಿ ಟೆಸ್ಟಿಂಗ್ ಕೆಲಸ ಹೀಗೆ ಹೊರಗೆ ಹೋಗುವುದು ಮಾಮೂಲಿ. ಹೀಗೆ ಬಾಡಿಗೆಗೆ ಹೋದವರು ಒಂದೇ ಕಂಪನಿಯಲ್ಲಿ ಇರುವುದಕ್ಕೆ ಕಾನೂನು ಸಾಮಾನ್ಯವಾಗಿ 18 ತಿಂಗಳ ಮಿತಿ ಹಾಕಿದೆ. ಕೆಲಸ ಕೆಟ್ಟದ್ದು ಅಂತಲ್ಲ. ಆದರೆ ಮೆಸೇಜ್‌ನಲ್ಲಿ ಕಾರ್ ಕಂಪನಿಯ ಆಸೆ ತೋರಿಸಿ, ಒಪ್ಪಂದದ ಕಾಗದದಲ್ಲಿ ಬೇರೆ ಹೆಸರು ಬಂದರೆ ನಿನಗೆ ಆಗ ಬೇಜಾರಾಗುತ್ತದೆ. ಆದ್ದರಿಂದ ಮೊದಲ ಉತ್ತರದಲ್ಲೇ ಕೇಳಿಬಿಡು.

ಉತ್ತರ ಆರೇಳು ಸಾಲು ದಾಟಬಾರದು. ಇಂಗ್ಲಿಷಿನಲ್ಲೇ ಬರಿ, ಅಲ್ಲಿ ನಡೆಯುತ್ತದೆ. ಹೇಳಬೇಕಾದ್ದು ಇಷ್ಟು:

"ನಮಸ್ಕಾರ. ಸಂದೇಶಕ್ಕೆ ಥ್ಯಾಂಕ್ಸ್. ನಾನು ಈಗ ಕೆಲಸ ಹುಡುಕುತ್ತಿಲ್ಲ, ಇರುವ ಕೆಲಸ ಚೆನ್ನಾಗಿದೆ. ಟೆಸ್ಟ್ ಆಟೊಮೇಶನ್‌ನಲ್ಲಿ ಇದಕ್ಕಿಂತ ದೊಡ್ಡ ಜವಾಬ್ದಾರಿ ಇರುವ ಹುದ್ದೆಯಾದರೆ ವಿವರ ತಿಳಿಯಲು ಇಷ್ಟ. ದಯವಿಟ್ಟು ಕಂಪನಿಯ ಹೆಸರು, ಒಪ್ಪಂದ ಯಾರ ಜೊತೆ, ವರ್ಷದ ಒಟ್ಟು ಸಂಬಳ ಎಷ್ಟರಿಂದ ಎಷ್ಟರವರೆಗೆ, ವಾರಕ್ಕೆ ಎಷ್ಟು ದಿನ ಆಫೀಸು, ಕೆಲಸದ ಭಾಷೆ ಜರ್ಮನ್ ಅಥವಾ ಇಂಗ್ಲಿಷ್, ಇಷ್ಟು ಬರೆದು ತಿಳಿಸಿ. ಹೊಂದುತ್ತದೆ ಅನ್ನಿಸಿದರೆ ಮುಂದಿನ ವಾರ ಸಂಜೆ ಮಾತಾಡಬಹುದು. ನಾನು ಬರಹದಲ್ಲಿ ಒಪ್ಪುವ ತನಕ ನನ್ನ ವಿವರವನ್ನು ಯಾವ ಕಂಪನಿಗೂ ಕಳಿಸಬೇಡಿ."

'ಟೆಸ್ಟ್ ಆಟೊಮೇಶನ್' ಅನ್ನುವುದು ನಾನು ಊಹಿಸಿ ಹಾಕಿದ್ದು. ಆ ಜಾಗದಲ್ಲಿ ನಿನಗೆ ನಿಜವಾಗಿ ಏನು ಬೇಕೋ ಅದನ್ನು ಹಾಕು. ಆ ಒಂದು ಸಾಲು ಮುಖ್ಯ. 'ಸದ್ಯಕ್ಕೆ ಆಸಕ್ತಿ ಇಲ್ಲ, ಆದರೆ ನೋಡೋಣ' ಅಂತಷ್ಟೇ ಬರೆದರೆ ಅವರಿಗೆ ಏನೂ ಗೊತ್ತಾಗುವುದಿಲ್ಲ. ಆರು ತಿಂಗಳ ಮೇಲೆ ಇದೇ ಥರದ್ದನ್ನೇ ಮತ್ತೆ ಕಳಿಸುತ್ತಾರೆ. ಏನಿದ್ದರೆ ಕದಲುತ್ತೀಯ ಅಂತ ಹೇಳಿದರೆ ಅದು ಅವರ ದಾಖಲೆಯಲ್ಲಿ ಕೂರುತ್ತದೆ. ಒಳ್ಳೆಯ ರಿಕ್ರೂಟರ್ ಅಂಥದ್ದು ಬಂದಾಗ ನೆನಪಿಟ್ಟು ಕರೆಯುತ್ತಾರೆ.

ಕೊನೆಯ ಸಾಲನ್ನು ಮಾತ್ರ ಬಿಡಬೇಡ. ಒಂದೇ ಹುದ್ದೆಗೆ ಎರಡು ಮೂರು ಏಜೆನ್ಸಿಗಳು ಜನ ಹುಡುಕುತ್ತಿರುತ್ತವೆ. ಇವತ್ತು ಇವರು, ಹದಿನೈದು ದಿನದಲ್ಲಿ ಇನ್ನೊಬ್ಬರು ನಿನ್ನ ಸಿವಿಯನ್ನು ಅದೇ ಕಂಪನಿಗೆ ಕಳಿಸಿದರು ಅಂದುಕೋ. ಫೀಸ್ ಯಾರಿಗೆ ಸೇರಬೇಕು ಅನ್ನುವ ಜಗಳ ಶುರುವಾಗುತ್ತದೆ. ಆ ಜಗಳ ಬೇಡ ಅಂತ ಕಂಪನಿ ನಿನ್ನ ಹೆಸರನ್ನೇ ಪಕ್ಕಕ್ಕಿಡಬಹುದು. ಅದು ನಿನಗೆ ಗೊತ್ತೂ ಆಗುವುದಿಲ್ಲ, ಸುಮ್ನೆ ಉತ್ತರ ಬರಲಿಲ್ಲ ಅಂತ ಕಾಯುತ್ತೀಯ. ಜೊತೆಗೆ ಕಾರ್ ಉದ್ಯಮ ಸಣ್ಣದು. ನಿನ್ನ ಸಿವಿ ಹೋದ ಜಾಗ ನಿನ್ನ ಈಗಿನ ಕಂಪನಿಯ ಗ್ರಾಹಕರದ್ದೇ ಆಗಿರಬಹುದು, ಅಲ್ವಾ?

ಈಗಿನ ಸಂಬಳವನ್ನು ಬರೆಯಬೇಡ. 58,000 ಅಂದರೆ ಅವರ ಲೆಕ್ಕ ಅಲ್ಲಿಂದಲೇ ಶುರು. ಮತ್ತೆ ಕೇಳಿದರೆ 'ಹುದ್ದೆಯ ರೇಂಜ್ ತಿಳಿದ ಮೇಲೆ ನನಗೆ ಬೇಕಾದ್ದನ್ನು ಹೇಳುತ್ತೇನೆ' ಅನ್ನು, ಇದರಲ್ಲಿ ಒರಟುತನ ಏನೂ ಇಲ್ಲ. ಯುರೋಪಿಯನ್ ಒಕ್ಕೂಟ 2023ರಲ್ಲಿ ಮಾಡಿದ ಸಂಬಳದ ಪಾರದರ್ಶಕತೆಯ ನಿಯಮವೂ ಇದನ್ನೇ ಹೇಳುತ್ತದೆ. ಕಂಪನಿ ಮೊದಲೇ ರೇಂಜ್ ತಿಳಿಸಬೇಕು, ಅರ್ಜಿ ಹಾಕಿದವರ ಹಳೆಯ ಸಂಬಳ ಕೇಳಬಾರದು. ಅದನ್ನು ತಮ್ಮ ಕಾನೂನಿಗೆ ಸೇರಿಸಲು ದೇಶಗಳಿಗೆ 2026ರ ಜೂನ್ 7ರ ಗಡುವು ಕೊಟ್ಟಿದೆ. ಮೆಸೇಜ್‌ನಲ್ಲಿ ಕಾನೂನು ಹೇಳಲು ಹೋಗಬೇಡ, ನಿನಗೆ ಗೊತ್ತಿದ್ದರೆ ಸಾಕು.

ರೇಂಜ್ ಬಂತು ಅಂದುಕೊಳ್ಳೋಣ, 62,000. ನಾಲ್ಕು ಸಾವಿರ ಜಾಸ್ತಿ ಅಂತ ಕಿವಿ ನೆಟ್ಟಗಾಗುತ್ತದೆ. ಒಬ್ಬನೇ ಇರುವವನಿಗೆ ಆ ಮಟ್ಟದಲ್ಲಿ ಹೆಚ್ಚಾದ ದುಡ್ಡಿನ ಅರ್ಧದಷ್ಟು ತೆರಿಗೆ, ಪಿಂಚಣಿ, ಆರೋಗ್ಯ ವಿಮೆಗೆ ಹೋಗುತ್ತದೆ. ಕೈಗೆ ಸಿಗುವುದು ತಿಂಗಳಿಗೆ ಇನ್ನೂರು ಯೂರೋಗಿಂತ ಕಡಿಮೆ. ಸ್ಟುಟ್‌ಗಾರ್ಟ್‌ನಲ್ಲೂ ಬಾಡಿಗೆ ಜಾಸ್ತಿಯೇ, ಮ್ಯೂನಿಕ್‌ನಲ್ಲಿ ಇನ್ನೂ ಜಾಸ್ತಿ. ಆ ಇನ್ನೂರು ಅಲ್ಲೇ ಕರಗಿಹೋಗುತ್ತದೆ.

ದುಡ್ಡಿಗಿಂತ ದೊಡ್ಡದು ಇನ್ನೊಂದಿದೆ. ಹತ್ತಕ್ಕಿಂತ ಹೆಚ್ಚು ಜನ ಇರುವ ಕಂಪನಿಯಲ್ಲಿ ಆರು ತಿಂಗಳು ಮುಗಿಸಿದವರನ್ನು ಕಾರಣ ಇಲ್ಲದೆ ತೆಗೆಯಲು ಜರ್ಮನ್ ಕಾನೂನು ಬಿಡುವುದಿಲ್ಲ. ನಿನಗೆ ಆ ರಕ್ಷಣೆ ಈಗಷ್ಟೇ ಸಿಕ್ಕಿದೆ. ಹೊಸ ಕಂಪನಿಗೆ ಹೋದರೆ ಆ ಆರು ತಿಂಗಳು ಮತ್ತೆ ಮೊದಲಿಂದ. ಪ್ರೊಬೇಶನ್‌ನಲ್ಲಿ ಎರಡು ವಾರದ ನೋಟಿಸ್ ಕೊಟ್ಟು ಕಳಿಸಬಹುದು. ಕೆಲಸ ಹೋದರೆ ನಿನ್ನಂಥ ಹೊಸ ಬ್ಲೂ ಕಾರ್ಡ್‌ನವರಿಗೆ ಬೇರೆಯದು ಹುಡುಕಲು ಸಿಗುವುದು ಮೂರು ತಿಂಗಳ ಹತ್ತಿರ. ಕಾರ್ ಉದ್ಯಮ ಈಗ ಖರ್ಚು ಕಡಿತದಲ್ಲಿದೆ. ಅದಕ್ಕೇ ನಾಲ್ಕು ಸಾವಿರಕ್ಕೆ ಕದಲಬೇಡ ಅನ್ನುತ್ತೇನೆ. ನೇರ ಒಪ್ಪಂದ, ಒಳ್ಳೆಯ ಹುದ್ದೆ, 68–70 ಸಾವಿರ ಅಂದರೆ ಆಗ ಕೂತು ಮಾತಾಡಬಹುದು.

ವೀಸಾದ ಬಗ್ಗೆ ಹೆದರಿಕೆ ಇಟ್ಟುಕೊಳ್ಳಬೇಡ. 2023ರ ನವೆಂಬರ್‌ನಿಂದ ಬ್ಲೂ ಕಾರ್ಡ್‌ನವರು ಕಂಪನಿ ಬದಲಿಸಲು ಮೊದಲೇ ಅನುಮತಿ ಪಡೆಯಬೇಕಾಗಿಲ್ಲ. ಆದರೆ ಮೊದಲ 12 ತಿಂಗಳಲ್ಲಿ ಬದಲಿಸಿದರೆ ವಿದೇಶಿಯರ ಕಚೇರಿಗೆ ತಿಳಿಸಬೇಕು. ಅವರು 30 ದಿನ ತಡೆಹಿಡಿದು, ಹೊಸ ಕೆಲಸ ಷರತ್ತಿಗೆ ಹೊಂದುತ್ತದಾ ಅಂತ ನೋಡಬಹುದು. ನಿನಗೆ ಇನ್ನು ನಾಲ್ಕು ತಿಂಗಳು ಕಳೆದರೆ ಆ ತಾಪತ್ರಯವೂ ಇಲ್ಲ. ಕಾಯಂ ವಾಸದ ಪರವಾನಗಿಗೆ ಬೇಕಾದ ತಿಂಗಳ ಲೆಕ್ಕ (ಬಿ1 ಮಟ್ಟದ ಜರ್ಮನ್ ಬಂದರೆ 21, ಎ1 ಮಟ್ಟದ್ದಾದರೆ 27) ಕಂಪನಿ ಬದಲಾದ ಮಾತ್ರಕ್ಕೆ ಸೊನ್ನೆಗೆ ಬರುವುದಿಲ್ಲ. ರಿಕ್ರೂಟರ್‌ಗೆ ಮೊದಲ ಮೆಸೇಜ್‌ನಲ್ಲೇ ಇದೆಲ್ಲ ಬೇಡ. ಕೇಳಿದರೆ 'ಬ್ಲೂ ಕಾರ್ಡ್ ಇದೆ' ಅಂದರೆ ಸಾಕು.

'ಯಾವಾಗ ಸೇರಬಹುದು' ಅಂತ ಖಂಡಿತ ಕೇಳುತ್ತಾರೆ. ಅದಕ್ಕೆ ಮೊದಲು ನಿನ್ನ ಒಪ್ಪಂದ ತೆಗೆದು ನೋಡು. ಅಲ್ಲಿ ನೋಟಿಸ್ ಮೂರು ತಿಂಗಳು, ತಿಂಗಳ ಕೊನೆಗೆ ಅಂತ ಬರೆದಿರುವುದು ತುಂಬಾ ಸಾಮಾನ್ಯ. ಹಾಗಿದ್ದರೆ ಮಾರ್ಚ್ 10ಕ್ಕೆ ರಾಜೀನಾಮೆ ಕೊಟ್ಟರೂ ಬಿಡುಗಡೆ ಜೂನ್ 30ಕ್ಕೇ. ಆತುರ ಮಾಡುವ ಏಜೆನ್ಸಿ ಅದನ್ನು ಕೇಳಿ ಮಾಯವಾದರೆ ಆಗಲಿ ಬಿಡು.

ಅವರ ಉತ್ತರ ಹೇಗೆ ಬರುತ್ತದೆ ಅನ್ನುವುದರಲ್ಲೇ ಅರ್ಧ ಗೊತ್ತಾಗುತ್ತದೆ. ಕೇಳಿದ ಐದರಲ್ಲಿ ನಾಲ್ಕಕ್ಕೆ ಉತ್ತರ ಕೊಟ್ಟು, 'ಕಂಪನಿಯ ಹೆಸರು ಫೋನ್‌ನಲ್ಲಿ ಹೇಳುತ್ತೇನೆ' ಅಂದರೆ ಪರವಾಗಿಲ್ಲ, ಹೆಸರು ಮುಚ್ಚಿಡಲು ಅವರಿಗೂ ಕಾರಣ ಇರುತ್ತದೆ. ಹದಿನೈದು ನಿಮಿಷ ಮಾತಾಡು. ಒಂದಕ್ಕೂ ಉತ್ತರ ಕೊಡದೆ 'ಮೊದಲು ಸಿವಿ ಕಳಿಸಿ, ತುಂಬಾ ಅರ್ಜೆಂಟ್' ಅಂದರೆ, ಹುದ್ದೆ ಇರುವುದೇ ಅನುಮಾನ. ಕೆಲವರು ತಮ್ಮ ಪಟ್ಟಿ ತುಂಬಿಸಲು ಸಿವಿ ಒಟ್ಟುಮಾಡುತ್ತಾರೆ. ಅಲ್ಲಿಗೆ ನಿಲ್ಲಿಸು.

ಇದೆಲ್ಲವನ್ನೂ ನಿನ್ನ ಸ್ವಂತ ಫೋನ್‌ನಿಂದ ಮಾಡು, ಆಫೀಸ್ ಲ್ಯಾಪ್‌ಟಾಪ್ ಬೇಡ. Open to work ಹಾಕಬೇಕು ಅನ್ನಿಸಿದರೆ Recruiters only ಆರಿಸು. ನಿನ್ನ ಕಂಪನಿಯ ರಿಕ್ರೂಟರ್‌ಗಳಿಗೆ ಕಾಣದ ಹಾಗೆ LinkedIn ನೋಡಿಕೊಳ್ಳುತ್ತದೆ, ಆದರೆ ಗ್ಯಾರಂಟಿ ಕೊಡುವುದಿಲ್ಲ. ಅರೆಮನಸ್ಸಿನವನಿಗೆ ಅದರ ಅಗತ್ಯವೂ ಕಾಣುವುದಿಲ್ಲ.

ಊರಲ್ಲಿ ಅಮ್ಮನಿಗೆ ಈಗಲೇ ಹೇಳಬೇಡ. ನೀನು ರೇಂಜ್ ಕೇಳುವ ಹೊತ್ತಿಗೆ 'ಮಗನಿಗೆ ಮ್ಯೂನಿಕ್‌ನಲ್ಲಿ ಕೆಲಸ ಆಯ್ತಂತೆ' ಅಂತ ನಮ್ಮ ರಸ್ತೆಗೂ ಸುದ್ದಿ ಬಂದಿರುತ್ತದೆ. ಇವತ್ತು ರಾತ್ರಿ ಉತ್ತರ ಕಳಿಸು. ಅವರು ಸಂಖ್ಯೆ ಕೊಟ್ಟ ಮೇಲೆ ನನಗೆ ಬರಿ, ಲೆಕ್ಕ ಹಾಕೋಣ.