ಇಳಿಸುವಾಗ ಗಟ್ಟಿಯಾದ ತೋಳು

ಗಾಯ ಮಾಗಿದ ಮೇಲೆ ವ್ಯಾಯಾಮಕ್ಕೆ ಮರಳುವವರಿಂದ ಒಂದು ಮಾತನ್ನು ಮತ್ತೆ ಮತ್ತೆ ಕೇಳುತ್ತೇನೆ: "ಎತ್ತುವುದಷ್ಟೇ ಕೆಲಸ, ಇಳಿಸುವುದಕ್ಕೆ ಶಕ್ತಿ ಏಕೆ ಬೇಕು?" ನನ್ನ ಬಳಿ ಬಂದ ಮಹಿಳೆಯೊಬ್ಬರೂ ಹಾಗೆಯೇ ಕೇಳಿದರು. ಮುರಿದಿದ್ದ ಬಲಗೈ ಮೂಳೆ ಕೂಡಿಕೊಂಡಿತ್ತು, ಭಾರ ಎತ್ತಲು ವೈದ್ಯರ ಒಪ್ಪಿಗೆಯೂ ಇತ್ತು. ಆದರೆ ಮೊಣಕೈ ಮಡಿಸಿ 3 ಕಿಲೋ ಡಂಬೆಲ್ ಎತ್ತುತ್ತಿದ್ದವರಿಗೆ 4 ಕಿಲೋ ಅರ್ಧಕ್ಕೇ ನಿಲ್ಲುತ್ತಿತ್ತು. "ಈ ಕೈ ಇನ್ನು ಇಷ್ಟೇ ಮೇಡಂ" ಎಂದು ಅದನ್ನು ಕೆಳಗಿಟ್ಟರು.

ನಾನು ವಾದಿಸಲಿಲ್ಲ. 4 ಕಿಲೋವನ್ನು ಎರಡೂ ಕೈಯಿಂದ ಭುಜದವರೆಗೆ ತರಿಸಿ, ಎಡಗೈ ಬಿಡಿಸಿದೆ. ಆ ಎಡಗೈಯ ಬೆರಳುಗಳನ್ನು ಬಲ ರಟ್ಟೆಯ ಮೇಲೆ ಇಟ್ಟುಕೊಂಡು, ನಾಲ್ಕು ಎಣಿಸುವಷ್ಟು ನಿಧಾನವಾಗಿ ಇಳಿಸಲು ಹೇಳಿದೆ. ಭಾರ ನಡುಗುತ್ತ ಇಳಿಯಿತು. "ಸ್ನಾಯು ಕಲ್ಲಿನಂತಾಗಿದೆಯಲ್ಲ!" ಎಂದರು. ಎತ್ತಲಾಗದ ಭಾರವನ್ನು ಅದೇ ತೋಳು ತಡೆದು ಇಳಿಸಿತ್ತು.

ಸ್ನಾಯು ಬಿಗಿಯಾಗಿದ್ದುಕೊಂಡೇ ಉದ್ದವಾಗುವ ಈ ಕ್ರಿಯೆಗೆ ಎಕ್ಸೆಂಟ್ರಿಕ್ ಸಂಕೋಚನ ಎನ್ನುತ್ತಾರೆ. ಸ್ನಾಯುವಿನೊಳಗೆ ಮಯೋಸಿನ್ ಎಂಬ ಪ್ರೋಟೀನಿನ ತಲೆಗಳು ಆಕ್ಟಿನ್ ಎಳೆಯನ್ನು ಹಿಡಿದು ಎಳೆಯುತ್ತವೆ. ಎತ್ತುವಾಗ ಅವು ಹಿಡಿದು, ಬಿಟ್ಟು, ಮುಂದೆ ಹಿಡಿಯಬೇಕು. ವೇಗ ಹೆಚ್ಚಿದಷ್ಟೂ ಒಂದು ಕ್ಷಣದಲ್ಲಿ ಹಿಡಿತದಲ್ಲಿರುವ ತಲೆಗಳು ಕಡಿಮೆ, ಬಲವೂ ಕಡಿಮೆ. ಇಳಿಸುವಾಗ ಹಿಡಿದ ತಲೆಗಳನ್ನೇ ಭಾರ ಹಿಂದಕ್ಕೆ ಜಗ್ಗುತ್ತದೆ. ಕಿತ್ತು ಬರುವ ಮುನ್ನ ಅವು ಹೆಚ್ಚು ಬಲ ತಡೆಯುತ್ತವೆ. ಟೈಟಿನ್ ಎಂಬ ಇನ್ನೊಂದು ಪ್ರೋಟೀನ್ ಸ್ಪ್ರಿಂಗಿನಂತೆ ಜೊತೆಗೂಡುತ್ತದೆ. ಹಾಗಾಗಿ ಎತ್ತಬಲ್ಲದ್ದಕ್ಕಿಂತ ಸುಮಾರು ಶೇಕಡ 20ರಿಂದ 40ರಷ್ಟು ಹೆಚ್ಚು ಭಾರವನ್ನು ಇಳಿಸಬಹುದು. ಎಷ್ಟೆಂಬುದು ವ್ಯಕ್ತಿ, ಸ್ನಾಯು, ವೇಗಗಳಿಗೆ ತಕ್ಕಂತೆ ಬದಲಾಗುತ್ತದೆ.

ವಾರಕ್ಕೆ ಎರಡು ದಿನ, ಐದೈದು ಸಲದಂತೆ ಎರಡು ಸುತ್ತು: ಎರಡು ಕೈಯಿಂದ ಎತ್ತಿ, ಒಂದರಿಂದ ಇಳಿಸುವುದು ಎಂದು ಸಲಹೆ ಕೊಟ್ಟೆ. ಕೊನೆಯ ಭಾಗದಲ್ಲಿ ಕೈ ಸರ್ರನೆ ಜಾರಿದರೆ ಆ ಭಾರ ಅತಿಯಾಯಿತು ಎಂದೇ ಅರ್ಥ, ಹಗುರವಾದದ್ದನ್ನು ಹಿಡಿಯಬೇಕು. ಎತ್ತಲಾರದವರಿಗೆ ಇನ್ನೂ ಭಾರ ಕೊಡುವುದೇ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಸ್ನಾಯುವಿಗೆ ಇರುವ ಬಲವನ್ನೇ ಬಳಸದೆ ಕೂರಿಸಿದರೆ ಅದು ಬೆಳೆಯುವುದು ಹೇಗೆ ಎಂಬ ನನ್ನ ನಿಲುವು ಇಂದಿಗೂ ಬದಲಾಗಿಲ್ಲ.

ಆದರೆ ಒಂದು ತಪ್ಪು ನನ್ನದೇ. ಒಂದೇ ಭಾರಕ್ಕೆ ಇಳಿಸುವಾಗ ಸ್ನಾಯುವಿನ ಕಡಿಮೆ ನಾರುಗಳು ದುಡಿಯುತ್ತವೆ, ಆಯಾಸ ಅಷ್ಟಾಗಿ ಗೊತ್ತಾಗುವುದಿಲ್ಲ; ದುಡಿದ ಪ್ರತಿ ನಾರಿನ ಮೇಲೆ ಮಾತ್ರ ಹೊರೆ ಹೆಚ್ಚು. ನೋವು ಒಂದೆರಡು ದಿನ ತಡವಾಗಿ ಬರುತ್ತದೆ ಎಂದು ಮೊದಲೇ ಹೇಳಿರಲಿಲ್ಲ. ಎರಡನೆಯ ದಿನ ಆಕೆ ಗಾಬರಿಯಿಂದ ಕರೆ ಮಾಡಿದರು: "ಮತ್ತೆ ಮುರಿಯಿತೇ?" ಕೈ ಚಾಚಲು ಆಗುತ್ತಿಲ್ಲವೇ, ಊತವಿದೆಯೇ, ಮೂತ್ರದ ಬಣ್ಣ ಕಡುಗಂದಾಗಿದೆಯೇ ಎಂದು ವಿಚಾರಿಸಿದೆ. ಅಂಥದ್ದೇನಾದರೂ ಇದ್ದಿದ್ದರೆ ತಕ್ಷಣ ವೈದ್ಯರಲ್ಲಿಗೆ ಕಳುಹಿಸುತ್ತಿದ್ದೆ. ಇದ್ದದ್ದು ರಟ್ಟೆಯ ಸ್ನಾಯುವಿನ ನೋವಷ್ಟೇ. ನೋವು ಪೂರ್ತಿ ಇಳಿದ ಮೇಲೆ ಮುಂದಿನ ವಾರ 4 ಕಿಲೋವನ್ನೇ, ಅಷ್ಟೇ ಸಲ ಇಳಿಸಿದರು. ಈ ಬಾರಿ ಮರುದಿನ ಸಣ್ಣ ಬಿಗಿತ ಮಾತ್ರ ಉಳಿದಿತ್ತು.